ರಸೀದಿ ಇಲ್ಲದ ಖರ್ಚು

ಗೊಟ್ಟಿಗೆರೆಯಲ್ಲಿ ಕಾರಿಟ್ಟವರನ್ನು ಯಾರನ್ನಾದರೂ ನಿಲ್ಲಿಸಿ "ತಿಂಗಳಿಗೆ ಎಷ್ಟು ಬೀಳುತ್ತಪ್ಪಾ?" ಅಂತ ಕೇಳಿ ನೋಡಿ. ಮೊದಲು ಬಾಯಿಗೆ ಬರುವುದು ಇಎಂಐ. ಸ್ವಲ್ಪ ಲೆಕ್ಕದವರಾದರೆ ಪೆಟ್ರೋಲು ಸೇರಿಸುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಟೈರು, ಬ್ಯಾಟರಿ, ಇನ್ಶೂರೆನ್ಸು ಇವೆಲ್ಲ "ಅದು ಯಾವಾಗಲೋ ಒಂದ್ಸಲ ಬರುತ್ತೆ ಬಿಡಿ" ಎಂಬ ಖಾತೆಗೆ ಹೋಗುತ್ತವೆ. ಈ 'ಯಾವಾಗಲೋ ಒಂದ್ಸಲ' ಎಂಬುದು ಎಷ್ಟು ದುಬಾರಿ ಖಾತೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಬ್ಯಾಂಕಿನ ಸಾಲದ ಕೌಂಟರಿನಲ್ಲಿ ಕೂತೇ ಕೂದಲು ನೆರೆಸಿಕೊಂಡವಳು ನಾನು.

ಪಕ್ಕದ ಮನೆ ಹುಡುಗನಿಗೆ ಈ ಜನವರಿಯಲ್ಲಿ ಲೆಕ್ಕದ ಹುಚ್ಚು ಹಿಡಿಯಿತು. ಹುಡುಗ ಅಂದರೆ ಮೂವತ್ತೈದು ದಾಟಿದೆ, ಜಯನಗರದಲ್ಲಿ ಆಫೀಸು. ಭಾನುವಾರ ನಾನು ಗಿಡಕ್ಕೆ ನೀರು ಹಾಕುವ ಹೊತ್ತಿಗೆ ಕಾಂಪೌಂಡಿನ ಆಚೆ ನಿಂತು, ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲ ಗೋಡೆ ಮೇಲೆ ಸುರಿದ. ಎಲ್ಲ ರಸೀದಿಗಳು.

"ಆಂಟಿ, ಕಾರು ತಗೊಂಡು ನಾಲ್ಕು ವರ್ಷ ಆಯ್ತು. ಇಎಂಐ 12,455, ಪೆಟ್ರೋಲು ಐದಾರು ಸಾವಿರ. ಹದಿನೆಂಟು ಸಾವಿರ ಅಂದ್ಕೊಂಡಿದ್ದೆ. ಇವಳು ನೋಡಿದ್ರೆ, ಅಷ್ಟೇ ಅಲ್ಲ, ಬೇಕಿದ್ರೆ ಆಂಟಿ ಹತ್ರ ಲೆಕ್ಕ ಹಾಕಿಸು ಅಂತಾಳೆ."

"ಅವಳು ಜಾಣೆ," ಅಂದೆ. ಅವಳು ಒಳಗಿನಿಂದಲೇ "ಕೇಳಿಸ್ತಾ?" ಅಂದಳು.

ಪೆಟ್ರೋಲ್ ಬಂಕಿನ ಚೀಟಿಗಳನ್ನೇ ಮೊದಲು ಕೈಗೆತ್ತಿಕೊಂಡೆ. ಅರ್ಧಕ್ಕರ್ಧ ಬಿಳೀ ಹಾಳೆ! ಬಂಕಿನ ಚೀಟಿಯಲ್ಲಿ ಶಾಯಿ ಇರುವುದಿಲ್ಲ. ಬಿಸಿ ತಾಗಿದರೆ ಕಪ್ಪಾಗುವ ಕಾಗದ ಅದು. ಡ್ಯಾಶ್‌ಬೋರ್ಡ್ ಮೇಲೆ ಬನ್ನೇರುಘಟ್ಟ ರಸ್ತೆಯ ಬಿಸಿಲಿಗೆ ಬಿದ್ದಿದ್ದರೆ ಕೆಲವು ತಿಂಗಳಲ್ಲಿ ಅಕ್ಷರ ಮಾಸಿಹೋಗುತ್ತದೆ. ಕಾರಿನ ಲೆಕ್ಕಕ್ಕೆ ಚೀಟಿ ಕೂಡಿಡುವುದಕ್ಕಿಂತ ಬ್ಯಾಂಕ್ ಸ್ಟೇಟ್‌ಮೆಂಟ್ ವಾಸಿ. ಮೊಬೈಲಿನಲ್ಲಿ 2025ರ ಇಡೀ ವರ್ಷದ್ದನ್ನು ತೆಗೆಸಿದೆ. ಬಂಕುಗಳಿಗೆ ಹೋದ ಒಟ್ಟು ದುಡ್ಡು 91,000.

"ಅಯ್ಯೋ, ಇಷ್ಟೊಂದಾ?"

"ತಡಿಯಪ್ಪಾ. ಇದರಲ್ಲಿ 200, 300 ಅಂತ ಇರೋದೆಲ್ಲ ಯಾರದ್ದು?"

ಹೆಂಡತಿಯ ಸ್ಕೂಟರಿನದು. ಒಂದೇ ಖಾತೆಯಿಂದ ಇಬ್ಬರೂ ಫೋನಿನಲ್ಲಿ ಪಾವತಿಸುತ್ತಾರೆ. ಸ್ಕೂಟರಿನ ಚಿಲ್ಲರೆ ಸುಮಾರು 15,000 ಆಯಿತು. ಅದನ್ನು ತೆಗೆದರೆ ಕಾರಿಗೆ 76,000, ತಿಂಗಳಿಗೆ 6,333. ಸ್ಟೇಟ್‌ಮೆಂಟಿನಲ್ಲಿ 'ಪೆಟ್ರೋಲು' ಅಂತ ಇರುವುದೆಲ್ಲ ಕಾರಿನದೇ ಅಂದುಕೊಂಡರೆ ಲೆಕ್ಕ ಮೊದಲ ಸಾಲಿನಲ್ಲೇ ಹಳಿ ತಪ್ಪುತ್ತದೆ.

ಇನ್ನೊಂದು ಅಂಕಿ ಬೇಕಿತ್ತು: ಮೀಟರು. ಕಾರು ಓಡಿದ್ದು 38,400 ಕಿಲೋಮೀಟರು, ಅಂದರೆ ವರ್ಷಕ್ಕೆ 9,600, ತಿಂಗಳಿಗೆ 800. ಕಳೆದ ವರ್ಷ ಬೆಂಗಳೂರಿನಲ್ಲಿ ಪೆಟ್ರೋಲು ಲೀಟರಿಗೆ ಸುಮಾರು 103 ರೂಪಾಯಿ. 76,000ಕ್ಕೆ 738 ಲೀಟರು. 9,600ನ್ನು 738ರಿಂದ ಭಾಗಿಸಿದರೆ ಲೀಟರಿಗೆ 13 ಕಿಲೋಮೀಟರು.

"ಕಂಪನಿಯೋರು 22 ಅಂದಿದ್ರು!"

ಕಂಪನಿಯವರು ಪರೀಕ್ಷೆ ಮಾಡುವ ಕಡೆ ಹುಳಿಮಾವು ಸಿಗ್ನಲ್ ಇರುವುದಿಲ್ಲ. ಅರೆಕೆರೆ ಗೇಟಿನಿಂದ ಮೀನಾಕ್ಷಿ ದೇವಸ್ಥಾನದವರೆಗೆ ಸಂಜೆ ಆರೂವರೆಗೆ ಒಂದನೇ ಗೇರು, ಎರಡನೇ ಗೇರು, ಮತ್ತೆ ಒಂದನೇ ಗೇರು. ವರ್ಷಗಟ್ಟಲೆ ಮೆಟ್ರೋ ಕಂಬದ ಕೆಲಸದ ಪಕ್ಕದಲ್ಲಿ ತೆವಳಿದ ಕಾರಿಗೆ 13 ಬಂದರೆ ಅದು ಕೆಟ್ಟಿಲ್ಲ ಅಂತಲೇ ಅರ್ಥ. ಸಂಶಯವಿದ್ದರೆ ಒಮ್ಮೆ ಟ್ಯಾಂಕು ತುಂಬಿಸಿ ಪಂಪು ತಾನೇ ನಿಂತಾಗ ಬಿಟ್ಟು, ಮೀಟರು ಬರೆದುಕೊಂಡು, ಮುಂದಿನ ಸಲ ಅದೇ ಬಂಕಿನಲ್ಲಿ ಹಾಗೆಯೇ ತುಂಬಿಸಿ ಭಾಗಿಸಬೇಕು. "ಐನೂರಕ್ಕೆ ಹಾಕಿ" ಅನ್ನುವವರಿಗೆ ಈ ಲೆಕ್ಕ ಸಿಗುವುದಿಲ್ಲ. ಅವರಿಗೆ ವರ್ಷದ ಮೊತ್ತವೇ ಗತಿ.

ಆಮೇಲೆ ಇನ್ಶೂರೆನ್ಸಿನ ಕಾಗದ. ನಾಲ್ಕು ವರ್ಷದ್ದೂ ಇತ್ತು: 34,000, 10,000, 8,800, 14,400.

"ನೋಡಿ ಆಂಟಿ, ಮೂರನೇ ವರ್ಷಕ್ಕೆ ಎಷ್ಟು ಕಮ್ಮಿ ಆಗಿತ್ತು! ಈ ಸಲ ಮತ್ತೆ ಜಾಸ್ತಿ ಮಾಡಿಬಿಟ್ರು."

ಯಾರೂ ಕಮ್ಮಿ ಮಾಡಿರಲಿಲ್ಲ, ಜಾಸ್ತಿಯೂ ಮಾಡಲಿಲ್ಲ. 2018ರ ಸೆಪ್ಟೆಂಬರಿನಿಂದ, ಸುಪ್ರೀಂ ಕೋರ್ಟಿನ ಆದೇಶದಂತೆ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು. ಅದು ಮೊದಲ ವರ್ಷದ ಮೊತ್ತದೊಳಗೆ ಕೂತಿರುತ್ತದೆ. ಎರಡನೇ, ಮೂರನೇ ವರ್ಷ ಸ್ವಂತ ಕಾರಿನ ನಷ್ಟದ ಭಾಗ ಮಾತ್ರ ಕಟ್ಟುತ್ತೇವೆ, ಕ್ಲೇಮ್ ಮಾಡದಿದ್ದರೆ ಅದರಲ್ಲೂ ನೋ ಕ್ಲೇಮ್ ಬೋನಸ್ ಕಳೆಯುತ್ತದೆ. ನಾಲ್ಕನೇ ವರ್ಷ ಥರ್ಡ್ ಪಾರ್ಟಿ ವಾಪಸ್ಸು ಬಂದು ಕೂರುತ್ತದೆ. ಸಾವಿರದಿಂದ ಸಾವಿರದೈನೂರು ಸಿಸಿವರೆಗಿನ ಕಾರಿಗೆ 2022ರ ಜೂನ್‌ನಿಂದ ಅದರ ದರ ವರ್ಷಕ್ಕೆ 3,416, ಮೇಲೆ ಜಿಎಸ್‌ಟಿ. ಹಾಗಾಗಿ ಯಾವುದೋ ಒಂದು ವರ್ಷದ ರಸೀದಿ ಹಿಡಿದು ಹನ್ನೆರಡರಿಂದ ಭಾಗಿಸಬಾರದು. ನಾಲ್ಕನ್ನೂ ಕೂಡಿ ನಲವತ್ತೆಂಟು ತಿಂಗಳಿಗೆ ಹಂಚಬೇಕು. 67,200, ತಿಂಗಳಿಗೆ 1,400.

ಸರ್ವೀಸಿನದೂ ಇದೇ ಜಾತಿ. 2025ರಲ್ಲಿ ಸರ್ವೀಸ್ ಬಿಲ್ಲು 7,900, ನಾಲ್ಕು ಟೈರು 20,000, ಬ್ಯಾಟರಿ 6,000. ಆ ವರ್ಷದ್ದೇ ಹನ್ನೆರಡು ತಿಂಗಳಿಗೆ ಹಂಚಿದರೆ 2,825 ಬರುತ್ತದೆ. ಆದರೆ ಟೈರು ಸವೆದದ್ದು ಒಂದು ವರ್ಷದಲ್ಲಲ್ಲ, ನಾಲ್ಕು ವರ್ಷದಲ್ಲಿ. ಬ್ಯಾಟರಿಯೂ ನಾಲ್ಕು ವರ್ಷ ಬಾಳಿತು. ಅವೆರಡನ್ನೂ ನಾಲ್ಕು ಪಾಲು ಮಾಡಿದರೆ ವರ್ಷಕ್ಕೆ 6,500, ಸರ್ವೀಸು ಸೇರಿಸಿದರೆ 14,400, ತಿಂಗಳಿಗೆ 1,200. ಇಲ್ಲಿ ಎಚ್ಚರ ತಪ್ಪುವುದು ಇನ್ನೊಂದು ದಿಕ್ಕಿನಲ್ಲಿ. ಟೈರು ಹಾಕಿಸದ ವರ್ಷದ ಬಿಲ್ಲು ನೋಡಿ "ನನ್ನ ಕಾರಿಗೆ ತಿಂಗಳಿಗೆ ಏಳುನೂರು ಸಾಕು" ಅಂತ ಮದುವೆ ಮನೆಯಲ್ಲಿ ಹೇಳಿಕೊಂಡು ತಿರುಗುವವರೇ ಹೆಚ್ಚು. ಈ ರಸ್ತೆಯ ಕಾರಿಗೆ ಕ್ಲಚ್ಚಿನ ಖರ್ಚೂ ಒಂದು ದಿನ ಬಂದೇ ಬರುತ್ತದೆ. ಪೆಡಲು ತೀರಾ ಮೇಲೆ ಬಂದಮೇಲೆ ಕ್ಲಚ್ಚು ಹಿಡಿಯತೊಡಗಿದರೆ, ಇಂಜಿನ್ ಕಿರುಚಿದರೂ ಕಾರು ಮುಂದೆ ಎಳೆಯದಿದ್ದರೆ, ಕ್ಲಚ್ಚಿಗೆ ದುಡ್ಡು ಎತ್ತಿಡಿ.

"ಪಾರ್ಕಿಂಗಿಗೆ ರಸೀದಿ ಎಲ್ಲಿ?"

ಹುಡುಗ ತಲೆ ಕೆರೆದುಕೊಂಡ. ನಮ್ಮ ಲೇಔಟು ಮೂವತ್ತು ನಲವತ್ತರ ಸೈಟುಗಳದ್ದು. ಕೆಳಗೆ ಬಾಡಿಗೆ ಮನೆ, ಗೇಟಿನೊಳಗೆ ಬಾಡಿಗೆಯವರ ಸ್ಕೂಟರು, ಕಾರು ರಸ್ತೆಗೆ. ಮೊದಲು ರಸ್ತೆಯಲ್ಲೇ ನಿಲ್ಲಿಸುತ್ತಿದ್ದ. ನೀರಿನ ಟ್ಯಾಂಕರು ಬೆಳಗ್ಗೆ ಐದಕ್ಕೆ ಬಂದು ಹಾರನ್ನು ಹೊಡೆದು ಇಡೀ ಬೀದಿಯನ್ನು ಎಬ್ಬಿಸುತ್ತಿತ್ತು. ಈಗ ಮೂಲೆಯ ಖಾಲಿ ಸೈಟಿನಲ್ಲಿ ನಿಲ್ಲಿಸಿ, ಅದನ್ನು ನೋಡಿಕೊಳ್ಳುವವನ ಕೈಗೆ ತಿಂಗಳಿಗೆ 1,500 ಕೊಡುತ್ತಾನೆ. ಅದಕ್ಕೆ ಚೀಟಿ ಎಲ್ಲಿಂದ ಬರಬೇಕು? ಜಯನಗರದ ಕಾಂಪ್ಲೆಕ್ಸು, ಮಾಲು, ಆಸ್ಪತ್ರೆ ಅಂತ ಇಪ್ಪತ್ತು, ನಲವತ್ತು, ಅರವತ್ತು ಸೇರಿ ಇನ್ನೊಂದು ಐನೂರು. 2,000 ಬರೆದೆ. 2021ರಲ್ಲಿ ಸರ್ಕಾರ ಒಪ್ಪಿದ ಪಾರ್ಕಿಂಗ್ ನೀತಿಯಲ್ಲಿ ಮನೆ ಮುಂದೆ ನಿಲ್ಲಿಸುವುದಕ್ಕೂ ವರ್ಷಕ್ಕೆ ಪರ್ಮಿಟ್ ಹಣ ಅಂತ ಇತ್ತು, ಸಣ್ಣ ಕಾರಿಗೆ 1,000, ದೊಡ್ಡದಕ್ಕೆ 5,000. ಅದು ಕೇಳಿ ಆಗ ಊರೆಲ್ಲ ಕೂಗಾಡಿತು. ಖಾಲಿ ಸೈಟಿನವನಿಗೆ ವರ್ಷಕ್ಕೆ ಹದಿನೆಂಟು ಸಾವಿರ ಕೊಡುವಾಗ ಯಾರೂ ಕೂಗುವುದಿಲ್ಲ!

ಉಳಿದ ಚಿಲ್ಲರೆಯೂ ಇದೆ. ಕಾರು ಒರೆಸುವ ಹುಡುಗನಿಗೆ 500, ನೈಸ್ ರಸ್ತೆ ಮತ್ತು ಮೈಸೂರು ಕಡೆಯ ಟೋಲು ಸೇರಿ ತಿಂಗಳಿಗೆ 500, ಹೊಗೆ ತಪಾಸಣೆ, ಗಾಳಿ, ಪಂಕ್ಚರು, ಟ್ರಾಫಿಕ್ ದಂಡ 100. ದಂಡದ ಮಾತು ಬಂದಾಗ ಅವನು "2023ರ ಫೆಬ್ರವರೀಲಿ ಅರ್ಧ ರಿಯಾಯಿತಿ ಕೊಟ್ಟಿದ್ರಲ್ಲ ಆಂಟಿ, ಸಾವಿರ ಉಳಿಸಿದೆ" ಅಂದ. ಸಾವಿರ ಉಳಿಸಲಿಲ್ಲಪ್ಪಾ, ಸಾವಿರ ಕಟ್ಟಿದೆ ಅಂದೆ.

ಇಲ್ಲಿವರೆಗಿನದು ಓಡಿಸುವ, ಇಟ್ಟುಕೊಳ್ಳುವ ಖರ್ಚು. ಕೂಡಿದರೆ 12,033. ಇದಕ್ಕೆ ಇಎಂಐ ಸೇರಿಸಿದರೆ 24,488. ಹದಿನೆಂಟು ಅಂದುಕೊಂಡವನು ಮುಖ ಸಣ್ಣ ಮಾಡಿದ. ಅಷ್ಟರಲ್ಲಿ ನಮ್ಮನೆಯವರು ಪೇಪರು ಮಡಿಚಿಟ್ಟು ಎದ್ದು ಬಂದರು. ಅರ್ಧ ಕೇಳಿಸಿಕೊಂಡು ಪೂರ್ತಿ ತೀರ್ಪು ಕೊಡುವ ಅಭ್ಯಾಸ ಅವರದು.

"ಸವಕಳಿ ಸೇರಿಸಿದ್ಯೇನೇ? ಕಾರಿನ ಬೆಲೆ ವರ್ಷ ವರ್ಷ ಇಳಿಯಲ್ವಾ? ಅದೂ ಖರ್ಚೇ."

ಮಾತು ನಿಜ. ಈ ಚೀಲದಲ್ಲಿ ಎಷ್ಟು ಹುಡುಕಿದರೂ ಸಿಗದ ಖರ್ಚು ಅದು. ಆದರೆ ಸೇರಿಸುವುದು ಹೇಗೆ ಅನ್ನುವುದರಲ್ಲೇ ಎಲ್ಲರೂ ಎಡವುತ್ತಾರೆ.

2022ರ ಜನವರಿಯಲ್ಲಿ ಕಾರು ತಂದಾಗ ಶೋರೂಂ ಬೆಲೆ 7,10,000. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಆಜೀವ ತೆರಿಗೆ ನೂರಕ್ಕೆ 14, ಸೆಸ್ಸು ಸೇರಿ ಒಂದು ಲಕ್ಷದ ಹತ್ತು ಸಾವಿರ ಅಲ್ಲೇ ಹೋಯಿತು. ಆಮೇಲೆ ಸೀಟು ಕವರು, ಮ್ಯಾಟು, ಹೆಚ್ಚುವರಿ ವಾರಂಟಿ, ಮೊದಲ ಇನ್ಶೂರೆನ್ಸು. ಒಟ್ಟು 8,74,000. ಇದರಲ್ಲಿ ಇನ್ಶೂರೆನ್ಸಿನ 34,000 ಆಗಲೇ ನಮ್ಮ ಲೆಕ್ಕದಲ್ಲಿ ಬಂದಿದೆ, ಎರಡನೇ ಸಲ ಹಿಡಿಯಬಾರದು. ಉಳಿದದ್ದು 8,40,000.

ಈಗ ಮಾರಿದರೆ ಎಷ್ಟು? ಹುಡುಗ ಇನ್ಶೂರೆನ್ಸ್ ಕಾಗದದ ಐಡಿವಿ ತೋರಿಸಿದ. ಅದು ಮಾರುವ ಬೆಲೆಯಲ್ಲ. ಕಾರು ಕಳುವಾದರೆ ಅಥವಾ ಪೂರ್ತಿ ಜಜ್ಜಿಹೋದರೆ ವಿಮೆಯವರು ಕೊಡುವ ಮೊತ್ತಕ್ಕೆ ಪಟ್ಟಿಯ ಪ್ರಕಾರ ಕಟ್ಟಿದ ಅಂಕಿ. ನಾಲ್ಕು ವರ್ಷ ದಾಟಿದ ಕಾರಿಗೆ ಆ ಪಟ್ಟಿ ಶೋರೂಂ ಬೆಲೆಯ ಅರ್ಧ ಕಳೆಯುತ್ತದೆ, ರಸ್ತೆ ತೆರಿಗೆಯನ್ನು ಎಣಿಸುವುದೇ ಇಲ್ಲ. ಮಾರುಕಟ್ಟೆ ಬೇರೆಯೇ ಹೇಳಬಹುದು. ಹಳೇ ಕಾರು ಕೊಳ್ಳುವ ಎರಡು ಮೂರು ಕಡೆ ಕೇಳಿ ಕಡಿಮೆಯದ್ದನ್ನು ಹಿಡಿಯುವುದು ಸರಿ. ಅವನು ಹೋದ ವಾರ ಕೇಳಿಸಿದ್ದ, 4,20,000 ಅಂದಿದ್ದರು.

"ಅಕ್ಟೋಬರಿಗಿಂತ ಮುಂಚೆ ಇನ್ನೂ ಮೂವತ್ತು ಸಾವಿರ ಜಾಸ್ತಿ ಹೇಳಿದ್ರು ಆಂಟಿ."

ಹೇಳಿರುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು, ಸೆಸ್ಸೂ ಹೋಯಿತು. ಹೊಸದೇ ಅಗ್ಗವಾದಾಗ ಹಳೆಯದಕ್ಕೆ ಹಳೇ ಬೆಲೆ ಯಾರು ಕೊಡುತ್ತಾರೆ? ಟಿವಿಯಲ್ಲಿ ಎಲ್ಲರೂ ಸಿಹಿ ಹಂಚಿದ ದಿನ ಇವನ ಕಾರು ನಿಂತಲ್ಲೇ ಸವೆಯಿತು. ಅದಕ್ಕೂ ರಸೀದಿ ಇಲ್ಲ.

8,40,000ದಲ್ಲಿ 4,20,000 ಕಳೆದರೆ ಸವಕಳಿ 4,20,000. ನಲವತ್ತೆಂಟು ತಿಂಗಳಿಗೆ ಹಂಚಿದರೆ 8,750.

ನಮ್ಮನೆಯವರು ಬೆರಳಲ್ಲೇ ಕೂಡಿಸಿದರು. "ಇಪ್ಪತ್ತನಾಲ್ಕೂವರೆ, ಎಂಟೂ ಮುಕ್ಕಾಲು... ಮೂವತ್ತಮೂರು ಸಾವಿರ! ಬಾಡಿಗೆಗಿಂತ ಜಾಸ್ತಿ!"

ಹುಡುಗನ ಹೆಂಡತಿ ಈಗ ಹೊರಗೇ ಬಂದಳು. ಅವನು ಕಾರಿನ ಕಡೆ ನೋಡಿದ ನೋಟ ಹೇಳಬಾರದು.

ನಾನು ಕೊಳಾಯಿ ನಿಲ್ಲಿಸಿ ಬಂದೆ. ಮೂವತ್ತಮೂರು ತಪ್ಪು. ಇಎಂಐ ಪೂರ್ತಿಯಾಗಿ ಖರ್ಚಲ್ಲ. ಅದರಲ್ಲಿ ಎರಡು ಭಾಗ, ಬಡ್ಡಿ ಮತ್ತು ಅಸಲು. ಬಡ್ಡಿ ಹೋದದ್ದು ಹೋಯಿತು. ಅಸಲು ಅಂದರೆ ಕಾರಿನ ಬೆಲೆಯನ್ನೇ ಕಂತಿನಲ್ಲಿ ಕೊಡುವುದು. ಅದೇ ಬೆಲೆ ಕರಗಿದ್ದನ್ನು ಸವಕಳಿ ಅಂತ ಈಗಾಗಲೇ ಬರೆದಿದ್ದೇವೆ. ಅಸಲನ್ನೂ ಸವಕಳಿಯನ್ನೂ ಕೂಡಿದರೆ ಒಂದೇ ಕಾರನ್ನು ಎರಡು ಸಲ ಕೊಂಡಂತೆ. ಜೇಬಿನಿಂದ ಪ್ರತಿ ತಿಂಗಳು ಹೊರಗೆ ಹೋಗುವ ದುಡ್ಡು ಎಷ್ಟು ಅಂತ ಬೇಕಾದರೆ ಪೂರ್ತಿ ಇಎಂಐ ಹಿಡಿ, ಸವಕಳಿ ಬಿಡು. ಕಾರಿಗೆ ನಿಜವಾಗಿ ಎಷ್ಟು ಬಿತ್ತು ಅಂತ ಬೇಕಾದರೆ ಸವಕಳಿ ಹಿಡಿ, ಇಎಂಐನಲ್ಲಿ ಬಡ್ಡಿ ಮಾತ್ರ ತಗೋ. ಎರಡೂ ಸರಿಯಾದ ಪ್ರಶ್ನೆಗಳೇ. ಬೆರೆಸಿದರೆ ಮಾತ್ರ ಉತ್ತರ ಕೆಡುತ್ತದೆ.

"ಬಡ್ಡಿ ಎಷ್ಟು ಅಂತ ಹೆಂಗೆ ಗೊತ್ತಾಗುತ್ತೆ?"

ಬ್ಯಾಂಕಿನ ಸಾಲದ ಸ್ಟೇಟ್‌ಮೆಂಟು ಕೇಳಿದರೆ ಪ್ರತಿ ಕಂತಿಗೂ ಎರಡು ಕಾಲಮ್ ಇರುತ್ತದೆ. ಇವನದು ಆರು ಲಕ್ಷ, ನೂರಕ್ಕೆ ಒಂಬತ್ತು, ಐದು ವರ್ಷ. ಮೊದಲ ಕಂತಿನ 12,455ರಲ್ಲಿ ಬಡ್ಡಿಯೇ 4,500. ನಲವತ್ತೆಂಟನೇ ಕಂತಿಗೆ ಬಂದಾಗ ಬಡ್ಡಿ ಸುಮಾರು 1,150. ಮೊತ್ತ ಒಂದೇ, ಒಳಗಿನ ಪಾಲು ಬದಲಾಗುತ್ತ ಬಂದಿದೆ. ಈವರೆಗೆ ಕಟ್ಟಿದ್ದು 5,97,840, ಅದರಲ್ಲಿ ಬಡ್ಡಿ ಸುಮಾರು 1,40,000, ತಿಂಗಳ ಸರಾಸರಿ 2,922.

ಅಲ್ಲಿಗೆ 12,033, 8,750, 2,922. ಒಟ್ಟು 23,705.

"ಮೂವತ್ತಮೂರಕ್ಕಿಂತ ಪರವಾಗಿಲ್ಲ," ಅಂದ ಹುಡುಗ, ಏನೋ ಗೆದ್ದವನಂತೆ. ಕೈಯಿಂದ ಕೊಟ್ಟ 2,74,000ಕ್ಕೆ ಠೇವಣಿಯಲ್ಲಿ ಬಡ್ಡಿ ಬರುತ್ತಿತ್ತು, ಅದನ್ನೂ ಸೇರಿಸಬಹುದಿತ್ತು. ಅವನ ಮುಖ ನೋಡಿ ಬಿಟ್ಟೆ.

ಆದರೆ ಅವನ ಹೆಂಡತಿ ಬಿಡಲಿಲ್ಲ. "ಆಂಟಿ, ಕಿಲೋಮೀಟರಿಗೆ ಎಷ್ಟಾಯ್ತು?" 23,705ನ್ನು 800ರಿಂದ ಭಾಗಿಸಿದರೆ ಇಪ್ಪತ್ತೊಂಬತ್ತೂವರೆ ರೂಪಾಯಿಯ ಮೇಲೆ. 2025ರ ಆಗಸ್ಟಿನಿಂದ ಆಟೋ ಮೀಟರು ಮೊದಲ ಎರಡು ಕಿಲೋಮೀಟರಿಗೆ 36, ಆಮೇಲೆ 18. ಜಯನಗರಕ್ಕೆ ಹನ್ನೆರಡು ಕಿಲೋಮೀಟರು ಹಿಡಿದರೆ ಆಟೋಗೆ 216, ಕಾರಿಗೆ 355. ಮೀಟರು ಹಾಕುವ ಆಟೋ ಸಿಕ್ಕರೆ ಅನ್ನುವ ಮಾತು ಬೇರೆ.

"ಹಂಗಾದ್ರೆ ನಾಳೆಯಿಂದ ಕಾರು ಮನೇಲಿ. 365ನೇ ನಂಬರ್ ಬಸ್ಸು, ಇಲ್ಲಾಂದ್ರೆ ಆಟೋ. ತಿಂಗಳಿಗೆ ಹತ್ತು ಸಾವಿರ ಉಳಿಯುತ್ತೆ!" ಅಂದಳು.

ಉಳಿಯುವುದಿಲ್ಲ. ಲೆಕ್ಕ ಮುಗಿದಮೇಲೆ ಜನ ಮಾಡುವ ದೊಡ್ಡ ತಪ್ಪು ಇದೇ. ಇಪ್ಪತ್ತೊಂಬತ್ತೂವರೆಯಲ್ಲಿ ಓಡಿದರೆ ಮಾತ್ರ ಆಗುವ ಖರ್ಚು ಪೆಟ್ರೋಲಿನ ಎಂಟು ರೂಪಾಯಿ, ಟೈರಿನ ಚೂರುಪಾರು. ಉಳಿದದ್ದರಲ್ಲಿ ಬಹುಪಾಲು ಕಾರು ಖಾಲಿ ಸೈಟಿನಲ್ಲಿ ಧೂಳು ತಿನ್ನುತ್ತ ನಿಂತಿದ್ದರೂ ಆಗುತ್ತದೆ. ಇನ್ಶೂರೆನ್ಸಿಗೆ ರಜೆ ಇಲ್ಲ, ಬಡ್ಡಿಗೆ ಭಾನುವಾರ ಇಲ್ಲ. ಕಾರನ್ನು ಅರ್ಧ ಮಾತ್ರ ಓಡಿಸಿದರೆ, ಅಂದರೆ 400 ಕಿಲೋಮೀಟರು, ಖರ್ಚು ಇಳಿಯುವುದು ಮೂರು ಸಾವಿರದ ಚಿಲ್ಲರೆ. ಇನ್ನೂ ಇಪ್ಪತ್ತೂವರೆ ಸಾವಿರ ಹೋಗುತ್ತದೆ, ಕಿಲೋಮೀಟರಿಗೆ ಐವತ್ತೊಂದು ರೂಪಾಯಿ. ಅತ್ತ ಆಟೋದ ದುಡ್ಡು ಬೇರೆ.

ಮನೆಯಲ್ಲಿ ಕಾರು ಇರುವವರೆಗೆ, ಒಂದು ಸಲ ಜಯನಗರಕ್ಕೆ ಹೋಗಲು ಕಾರೋ ಆಟೋವೋ ಅಂತ ಯೋಚಿಸುವಾಗ ಹೋಲಿಸಬೇಕಾದದ್ದು 216ನ್ನು 355ರ ಜೊತೆಗಲ್ಲ, ಪೆಟ್ರೋಲಿನ 95 ಮತ್ತು ಅಲ್ಲಿನ ಪಾರ್ಕಿಂಗಿನ ಜೊತೆಗೆ. ಇಪ್ಪತ್ತೊಂಬತ್ತೂವರೆಯ ಅಂಕಿ ಬೇಕಾಗುವುದು ಬೇರೆ ಪ್ರಶ್ನೆಗೆ: ಕಾರು ಇಟ್ಟುಕೊಳ್ಳಬೇಕೋ, ಮಾರಬೇಕೋ. ಕಾಳೇನ ಅಗ್ರಹಾರದಿಂದ ನಾಗವಾರದ ಮೆಟ್ರೋ ಮಾರ್ಗ ನಂಬಿಕೊಂಡು ಕಾರು ಬಿಡುತ್ತೇವೆ ಅನ್ನುವವರು ನಮ್ಮ ಬೀದಿಯಲ್ಲಿ ಬಹಳ ಇದ್ದಾರೆ. ಮೆಟ್ರೋ ಹತ್ತಿ, ಕಾರನ್ನೂ ಇಟ್ಟುಕೊಂಡರೆ ಉಳಿತಾಯ ಪೆಟ್ರೋಲಿನಷ್ಟೇ.

"ಹಾಗಿದ್ರೆ ಮಾರಿಬಿಡ್ಲಾ?"

"ಊರಿಗೆ ಹೋಗೋಕೆ, ನಿಮ್ಮಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಬೇಕಲ್ವಾ?"

"ಬೇಕು."

"ಹಾಗಿದ್ರೆ ಇದನ್ನೇ ಇಟ್ಕೋ. ಹೊಸದು ತಗೋಬೇಡ."

ಯಾಕೆಂದರೆ ಕಾರಿನ ಬೆಲೆ ಜೋರಾಗಿ ಜಾರುವುದು ಮೊದಲ ವರ್ಷಗಳಲ್ಲಿ. ಆ ಪೆಟ್ಟನ್ನು ಇವನು ಆಗಲೇ ತಿಂದಾಗಿದೆ. ಇನ್ನೂ ನಾಲ್ಕು ವರ್ಷ ಇಟ್ಟು ಎರಡು ಲಕ್ಷದ ನಲವತ್ತು ಸಾವಿರಕ್ಕೆ ಮಾರಿದ ಅಂತಲೇ ಇಟ್ಟುಕೊಳ್ಳೋಣ. ಎಂಟು ವರ್ಷದ ಸವಕಳಿ ಆರು ಲಕ್ಷ, ತಿಂಗಳಿಗೆ 6,250. ಸಾಲದ ಒಟ್ಟು ಬಡ್ಡಿ 1,47,300, ಅದನ್ನೂ ಎಂಟು ವರ್ಷಕ್ಕೆ ಹಂಚಿದರೆ 1,534. ಒಟ್ಟು ಇಪ್ಪತ್ತು ಸಾವಿರದೊಳಗೆ ಬರುತ್ತದೆ. ಕ್ಲಚ್ಚು, ಸಸ್ಪೆನ್ಷನ್ನು ಅಂತ ರಿಪೇರಿ ಏರುವುದು ನಿಜ, ಆದರೂ ತಿಂಗಳಿಗೆ ನಾಲ್ಕು ಸಾವಿರದಷ್ಟು ಏರಿದರೆ ಮಾತ್ರ ಈಗಿನ ಲೆಕ್ಕಕ್ಕೆ ಸಮ. ಸಾಲ ತೀರುವ ಮೊದಲೇ ಹಳೆಯದನ್ನು ಕೊಟ್ಟು ಹೊಸದನ್ನು ತರುವವರು ದುಬಾರಿಯ ವರ್ಷಗಳನ್ನು ಮಾತ್ರ ಮತ್ತೆ ಮತ್ತೆ ಕೊಳ್ಳುತ್ತಿರುತ್ತಾರೆ.

ನಮ್ಮನೆಯವರು "ನಾನೂ ಅದನ್ನೇ ಹೇಳಿದ್ದು" ಅಂದರು. ಅವರು ಹೇಳಿರಲಿಲ್ಲ.

ಹನ್ನೆರಡು ಕಂತು ಬಾಕಿ ಇದೆ. ಕೊನೆಯ ಕಂತು ಕಟ್ಟಿದೊಡನೆ ಕಾರು ಪೂರ್ತಿ ತನ್ನದಾಯಿತು ಅಂದುಕೊಂಡು ಸುಮ್ಮನೆ ಕೂರುವವರನ್ನು ಕೌಂಟರಿನ ಆಚೆಯಿಂದ ತುಂಬ ನೋಡಿದ್ದೇನೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇರುತ್ತದೆ, ಮಾರಲು ಹೋದ ದಿನ ಅದು ಕಾಲಿಗೆ ತೊಡರುತ್ತದೆ. ನಿಮ್ಮ ಕಾರಿನ ಸಾಲವೂ ತೀರುವುದರಲ್ಲಿದ್ದರೆ ಬ್ಯಾಂಕಿನಿಂದ ಎನ್‌ಒಸಿ ಮತ್ತು ಸಹಿ ಮಾಡಿದ ಫಾರ್ಮ್ 35 ಕೇಳಿ ಪಡೆದು, ಆರ್‌ಟಿಒದಲ್ಲಿ ಕೊಟ್ಟು, ಆ ಹೆಸರು ತೆಗೆಸಿಕೊಳ್ಳಿ. ಆ ರಸೀದಿಯನ್ನು ಮಾತ್ರ ಜೆರಾಕ್ಸ್ ಮಾಡಿಸಿ ಬಿಸಿಲು ತಾಗದ ಕಡೆ ಇಡಿ.